ಸ್ಟ್ರೋಕ್ ಆದ ಮಾವನಿಗೆ ಮಾತ್ರೆ ಕುಟ್ಟಿ ಗಂಜಿಯಲ್ಲಿ ಕೊಟ್ಟೆ, ತಲೆ ತಿರುಗಿ ಕುಸಿದರು. ಎಲ್ಲಿ ತಪ್ಪಾಯಿತು?

ಬ್ರಹ್ಮಾವರದ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಾವನಿಗೆ 72 ವರ್ಷ. 23 ದಿನದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದಿದೆ, ಬಾಯಿಯೂ ಬಲಗಡೆ ಜೋತುಬಿದ್ದಿದೆ. ಆಸ್ಪತ್ರೆಯಲ್ಲಿ ಒಂದು ಸಲ ಫಿಟ್ಸ್ ಬಂದಿತ್ತು. 9 ದಿನ ಮೂಗಿನ ಪೈಪಿನಲ್ಲಿ ಊಟ, ಮದ್ದು ಎಲ್ಲ ಹೋಗುತ್ತಿತ್ತು. ಪೈಪ್ ತೆಗೆದು ಎರಡು ದಿನಕ್ಕೆ ಮನೆಗೆ ಕಳುಹಿಸಿದರು. ಚೀಟಿಯಲ್ಲಿ "ಮೆತ್ತಗಿನ ಊಟ" ಎಂದು ಬರೆದಿದ್ದಾರೆ. ಮಾತ್ರೆ ಹೇಗೆ ಕೊಡುವುದು ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೊದಲು ನೀರಲ್ಲಿ ಕೊಟ್ಟೆವು. ಪ್ರತಿ ಸಲ ಕೆಮ್ಮು. ಕೆಮ್ಮು ನಿಂತ ಮೇಲೆ ಮಾತಾಡಿದರೆ ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ಸ್ವರ. ಒಂದು ದಿನ ಮಧ್ಯಾಹ್ನ ಬಾಯಿ ಒರೆಸುವಾಗ ನೋಡಿದರೆ ಬಲಗೆನ್ನೆಯ ಒಳಗೆ ಬೆಳಗ್ಗಿನ ಮಾತ್ರೆ ಅರ್ಧ ಕರಗಿ ಕೂತಿತ್ತು! ಅವರಿಗೆ ಗೊತ್ತೇ ಆಗಿರಲಿಲ್ಲ.

ಹಾಗಾಗಿ ಮೂರು ದಿನದಿಂದ ಬೆಳಗ್ಗಿನ ಎಲ್ಲ ಮಾತ್ರೆ ಒಟ್ಟಿಗೆ ಕುಟ್ಟಿ, ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಗೆ ಬೆರೆಸಿ ಕೊಟ್ಟೆ. ನಿನ್ನೆ 8 ಗಂಟೆಗೆ ಕೊಟ್ಟಿದ್ದೆ. 10 ಗಂಟೆ ಹೊತ್ತಿಗೆ ಕುರ್ಚಿಯಲ್ಲೇ ಬೆವರಿ, ತಲೆ ತಿರುಗುತ್ತದೆ ಎಂದು ಕುಸಿದರು. ಬಿಪಿ ಯಂತ್ರದಲ್ಲಿ 92/58, ನಾಡಿ 46. ಊರಿನ ಡಾಕ್ಟರ ಹತ್ತಿರ ಓಡಿದೆವು. ಇಸಿಜಿ ಮಾಡಿ ನಾಲ್ಕು ಗಂಟೆ ಮಲಗಿಸಿದರು, ಸಂಜೆಗೆ ಸರಿ ಆಯಿತು. "ಮಾತ್ರೆ ಜಾಸ್ತಿ ಕೊಟ್ಟಿರಾ?" ಎಂದು ಕೇಳಿದರು. ಇಲ್ಲ ಎಂದೆ. ನಿಜಕ್ಕೂ ಜಾಸ್ತಿ ಕೊಟ್ಟಿಲ್ಲ.

ಬೆಳಗ್ಗಿನ ಮಾತ್ರೆಗಳು: ಕ್ಲೋಪಿಡೊಗ್ರೆಲ್ 75, ಮೆಟೊಪ್ರೊಲಾಲ್ ಎಕ್ಸ್‌ಎಲ್ 50, ಪ್ಯಾಂಟೊಪ್ರಜೋಲ್ 40, ಲೆವೆಟಿರಾಸೆಟಮ್ 500. ರಾತ್ರಿ ಮತ್ತೆ ಲೆವೆಟಿರಾಸೆಟಮ್ 500, ಮತ್ತೆ ಆಸ್ಪಿರಿನ್, ಅಟೋರ್ವಾಸ್ಟಾಟಿನ್ ಎರಡೂ ಇರುವ ಒಂದು ಕ್ಯಾಪ್ಸೂಲ್.

ನಾದಿನಿ ಹೇಳುತ್ತಾರೆ, ಬಿಪಿ ಮಾತ್ರೆ ನಿಲ್ಲಿಸಿಬಿಡಿ ಎಂದು. ನನಗೆ ನಿಲ್ಲಿಸಲಿಕ್ಕೂ ಹೆದರಿಕೆ, ಕೊಡಲಿಕ್ಕೂ ಹೆದರಿಕೆ.

ಮಲ್ಪೆ ಅಣ್ಣ

ತಂಗಿ, ಹೆದರಬೇಡಿ. ನನ್ನ ಅಮ್ಮನಿಗೆ ಸ್ಟ್ರೋಕ್ ಆಗಿ ಒಂದು ವರ್ಷ ದಾಟಿತು. ಅಂದಿನಿಂದ ಎಲ್ಲ ಮಾತ್ರೆ ಕುಟ್ಟಿಯೇ ಕೊಡುವುದು. ಗಂಜಿಯಲ್ಲಿ ಅಲ್ಲ, ಜೇನಿನಲ್ಲಿ. ಒಂದು ಚಮಚದಲ್ಲಿ ಮುಗಿಯುತ್ತದೆ. ಬಟ್ಟಲು ತುಂಬಾ ಗಂಜಿಗೆ ಹಾಕಿದರೆ ಅರ್ಧ ಬಿಟ್ಟಾಗ ಎಷ್ಟು ಮದ್ದು ಹೋಯಿತು ಎಂದು ಯಾರಿಗೆ ಗೊತ್ತು? ಮತ್ತೆ ತಲೆ ಸ್ವಲ್ಪ ಹಿಂದಕ್ಕೆ ಎತ್ತಿ ಹಿಡಿದು ಗಂಟಲು ಸವರಿದರೆ ಸಲೀಸಾಗಿ ಇಳಿಯುತ್ತದೆ. ನಾಡಿ ಇಳಿದದ್ದು ನಿಶ್ಶಕ್ತಿಯಿಂದ ಇರಬೇಕು.

ಮಾತ್ರೆ ಅಂಗಡಿಯವಳು

ನಾನು ಉಡುಪಿಯಲ್ಲಿ 18 ವರ್ಷದಿಂದ ಫಾರ್ಮಸಿಸ್ಟ್. ಅಕ್ಕಾ, ಇದು ನಿಶ್ಶಕ್ತಿ ಅಲ್ಲ. ನೀವು ಬರೆದದ್ದರಲ್ಲೇ ಉತ್ತರ ಉಂಟು. ಮೆಟೊಪ್ರೊಲಾಲ್ ಪಕ್ಕದ ಆ ಎರಡು ಅಕ್ಷರ, ಎಕ್ಸ್‌ಎಲ್.

ಆ ಮಾತ್ರೆ ಇಡೀ ದಿನಕ್ಕೆ ಒಂದೇ. ಒಳಗೆ ಸಣ್ಣ ಸಣ್ಣ ಕಾಳು ಇರುತ್ತವೆ, ಒಂದೊಂದು ಕಾಳಿಗೂ ಒಂದು ಪೊರೆ. ಮದ್ದು 24 ಗಂಟೆ ಸ್ವಲ್ಪ ಸ್ವಲ್ಪವೇ ಹೊರಗೆ ಬರಬೇಕು. ನೀವು ಕುಟ್ಟಿದಾಗ ಪೊರೆ ಒಡೆಯಿತು. ದಿನದ ಮದ್ದೆಲ್ಲ ಒಂದೆರಡು ಗಂಟೆಯಲ್ಲಿ ರಕ್ತಕ್ಕೆ ಸೇರಿತು. ಆ ಮದ್ದಿನ ಕೆಲಸವೇ ನಾಡಿ ನಿಧಾನ ಮಾಡುವುದು, ಬಿಪಿ ಇಳಿಸುವುದು. 8 ಗಂಟೆಗೆ ಕೊಟ್ಟು 10 ಗಂಟೆಗೆ ಕುಸಿದರು ಎಂದರೆ ಲೆಕ್ಕ ಸರಿಯಾಗಿ ಕೂರುತ್ತದೆ. ನೀವು ಮಾತ್ರೆ ಜಾಸ್ತಿ ಕೊಡಲಿಲ್ಲ, ಅದು ಹೋಗುವ ವೇಗ ಜಾಸ್ತಿ ಆಯಿತು. ಊರಿನ ಡಾಕ್ಟರಿಗೆ ನೀವು "ಕುಟ್ಟಿ ಕೊಟ್ಟೆ" ಎಂದು ಹೇಳಲಿಲ್ಲ ಅಲ್ವಾ? ಅವರು ಊಹಿಸುವುದು ಕಷ್ಟ.

ಈಗಲೇ ಸ್ಟ್ರೋಕ್ ನೋಡಿದ ಡಾಕ್ಟರ ಆಸ್ಪತ್ರೆಗೆ ಫೋನ್ ಮಾಡಿ. ನಾಡಿ, ಬಿಪಿ ಅಂಕಿ ಹೇಳಿ, ಎಕ್ಸ್‌ಎಲ್ ಮಾತ್ರೆ ಕುಟ್ಟಿ ಕೊಟ್ಟದ್ದು ಹೇಳಿ, ನಾಳೆ ಬೆಳಗ್ಗೆ ಎಂತ ಮಾಡಬೇಕು ಎಂದು ಕೇಳಿ. ನೀವಾಗಿ ನಿಲ್ಲಿಸಬೇಡಿ, ಈ ಜಾತಿಯ ಮದ್ದು ಥಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆ. ಫಿಟ್ಸ್ ಮದ್ದೂ ಹಾಗೆಯೇ, ಒಂದು ಹೊತ್ತೂ ತಪ್ಪಬಾರದು.

ಬೇರೆ ಮಾತ್ರೆಗಳ ಕಥೆ ಬೇರೆ ಬೇರೆ. ಕ್ಲೋಪಿಡೊಗ್ರೆಲ್ ಸಾದಾ ಮಾತ್ರೆ, ಬೇಕಾದರೆ ಪುಡಿ ಮಾಡಬಹುದು, ಕಹಿ ಅಷ್ಟೇ. ಪ್ಯಾಂಟೊಪ್ರಜೋಲ್ ಪುಡಿ ಮಾಡಿದರೆ ಅಪಾಯ ಇಲ್ಲ, ಆದರೆ ಪ್ರಯೋಜನವೂ ಇಲ್ಲ. ಅದರ ಮೇಲಿನ ಪದರ ಹೊಟ್ಟೆಯ ಆಮ್ಲದಿಂದ ಮದ್ದನ್ನು ಕಾಯುತ್ತದೆ. ಪದರ ಹೋದರೆ ಆಮ್ಲವೇ ಮದ್ದನ್ನು ಹಾಳು ಮಾಡುತ್ತದೆ. ರಾತ್ರಿಯ ಕ್ಯಾಪ್ಸೂಲ್ ಒಳಗಿನ ಆಸ್ಪಿರಿನ್‌ಗೂ ಪದರ ಇರುತ್ತದೆ, ಅಲ್ಲಿ ಕಾಯುವುದು ಹೊಟ್ಟೆಯನ್ನು. ಲೆವೆಟಿರಾಸೆಟಮ್‌ಗೆ ಸಿರಪ್ ಉಂಟು. ಸಾಮಾನ್ಯವಾಗಿ ಸಿಗುವುದು 1 ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುವುದು. ಅಂದರೆ ನಿಮ್ಮ 500ರ ಮಾತ್ರೆ ಬದಲಿಗೆ 5 ಎಂಎಲ್. ಡಾಕ್ಟರು ಚೀಟಿ ಬದಲಿಸಿ ಬರೆದ ಮೇಲೆ, ಬಾಟಲಿಯ ಅಂಕಿ ನೋಡಿಯೇ ಅಳೆಯಿರಿ.

ಕಿನ್ನಿಗೋಳಿ ಟೀಚರ್

ನಮ್ಮ ಮನೆಯಲ್ಲೂ ಇದೇ ಸಮಸ್ಯೆ. ಮಗನಿಗೆ 9 ವರ್ಷ, ಮಾತ್ರೆ ಎಂದರೆ ಬಾಯಿ ಮುಚ್ಚುತ್ತಾನೆ. ಬಾಳೆಹಣ್ಣಿನ ತುಂಡಿನ ಒಳಗೆ ಇಟ್ಟು ಕೊಟ್ಟರೆ ಗೊತ್ತಿಲ್ಲದೆ ನುಂಗುತ್ತಾನೆ. ನಿಮ್ಮ ಮಾವನಿಗೂ ಹಾಗೆ ಮಾಡಿ ನೋಡಿ, ಮೇಲೆ ಒಂದು ಲೋಟ ನೀರು ಕುಡಿಸಿ.

ನುಂಗುವುದನ್ನು ಕಲಿಸುವವಳು

ಟೀಚರ್, ನಿಮ್ಮ ಮಗನದ್ದು ಹೆದರಿಕೆ. ಅವನ ಗಂಟಲು ಸರಿಯಾಗಿದೆ. ಇವರ ಮಾವನದ್ದು ಹಾಗಲ್ಲ. ಆ ಒಂದು ಲೋಟ ನೀರೇ ಇಲ್ಲಿ ದೊಡ್ಡ ಅಪಾಯ. ಮತ್ತೆ ಅವರಿಗೆ ಗೊತ್ತಿಲ್ಲದ ಹಾಗೆ ಏನನ್ನೂ ಬಾಯಿಗೆ ಹಾಕಬಾರದು. "ಇದು ಮಾತ್ರೆ ಇರುವ ಚಮಚ" ಎಂದು ಹೇಳಿಯೇ ಕೊಡಬೇಕು, ಆಗ ಅವರು ಮನಸ್ಸಿಟ್ಟು ನುಂಗುತ್ತಾರೆ.

ನಾನು ಮಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಮಾತು ಕಲಿಸುವವರು ಎಂದು ಜನ ತಿಳಿಯುತ್ತಾರೆ. ಆದರೆ ಸ್ಟ್ರೋಕ್ ಆದವರ ನುಂಗುವಿಕೆ ಪರೀಕ್ಷೆ ಮಾಡುವುದೂ ನಮ್ಮ ಕೆಲಸವೇ.

ನಾವು ನುಂಗುವಾಗ ಉಸಿರಿನ ದಾರಿ ಒಂದು ಕ್ಷಣ ಮುಚ್ಚಬೇಕು. ಸ್ಟ್ರೋಕ್ ಆದ ಮೇಲೆ ಅನೇಕರಿಗೆ ಅದು ಮುಚ್ಚುವುದು ಸ್ವಲ್ಪ ತಡವಾಗುತ್ತದೆ. ನೀರು ಕಾಯುವುದಿಲ್ಲ, ಓಡಿಬಿಡುತ್ತದೆ. ಬಾಗಿಲು ಮುಚ್ಚುವ ಮೊದಲೇ ಅಲ್ಲಿಗೆ ತಲುಪುತ್ತದೆ. ಮಾತ್ರೆ ಮತ್ತು ನೀರು ಒಟ್ಟಿಗೆ ಕೊಟ್ಟರೆ ಇನ್ನೂ ಕಷ್ಟ. ನೀರು ಮುಂದೆ ಓಡುತ್ತದೆ, ಮಾತ್ರೆ ಹಿಂದೆ ಉಳಿಯುತ್ತದೆ. ಎರಡು ಬೇರೆ ಬೇರೆ ವೇಗವನ್ನು ಒಂದೇ ನುಂಗಿನಲ್ಲಿ ಸಂಭಾಳಿಸಲು ಆ ಗಂಟಲಿಗೆ ಆಗುವುದಿಲ್ಲ.

ನಮ್ಮ ಕುಚ್ಚಲಕ್ಕಿ ಗಂಜಿಯದ್ದೂ ಇದೇ ತೊಂದರೆ. ಮೆತ್ತಗಿದೆ ಎಂದು ಎಲ್ಲರೂ ಕೊಡುತ್ತಾರೆ. ಆದರೆ ಅದರಲ್ಲಿ ಅನ್ನದ ಕಾಳು ಬೇರೆ, ತಿಳಿ ಬೇರೆ. ತಿಳಿ ನೀರಿನಂತೆ ಓಡುತ್ತದೆ, ಕಾಳು ಬಾಯಲ್ಲಿ ಉಳಿಯುತ್ತದೆ. ಕೊಡಲೇಬೇಕಾದರೆ ತಿಳಿ ಬಸಿದು, ಅನ್ನ ಚೆನ್ನಾಗಿ ಬೇಯಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಚಮಚ ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ಹನಿಹನಿಯಾಗಿ ಸುರಿಯಬಾರದು, ಚಮಚಕ್ಕೆ ಅಂಟಿಕೊಂಡು ಕೂರಲೂಬಾರದು.

ಮಾತ್ರೆಗೆ ನನ್ನ ಮೊದಲ ಆಯ್ಕೆ ರಾಗಿ ಮಣ್ಣಿ. ತಟ್ಟೆಗೆ ಸುರಿದು ಆರಿಸಿ ತುಂಡು ಮಾಡುವ ಮಣ್ಣಿ ಅಲ್ಲ, ಒಲೆಯಿಂದ ಸ್ವಲ್ಪ ಬೇಗ ಇಳಿಸಿದ, ಚಮಚದಲ್ಲಿ ನಿಲ್ಲುವಷ್ಟು ಮೆತ್ತಗಿನದು, ಉಗುರು ಬೆಚ್ಚಗೆ. ಗಂಟಿರಬಾರದು. ಗಟ್ಟಿ ಮೊಸರನ್ನು ಕಡೆದು ಕೊಟ್ಟರೂ ಆದೀತು.

ಮಲ್ಪೆ ಅಣ್ಣಾ, ಒಂದು ಚಮಚದಲ್ಲೇ ಮುಗಿಸಬೇಕು ಎಂದಿರಿ, ಅದು ಬಹಳ ಸರಿ. ಆದರೆ ತಲೆ ಹಿಂದಕ್ಕೆ ಎತ್ತುವುದನ್ನು ಇವತ್ತೇ ಬಿಡಿ. ಹಾಗೆ ಎತ್ತಿದರೆ ಬಾಯಿಯಲ್ಲಿದ್ದದ್ದು ತಾನಾಗಿ ಜಾರಿ ಗಂಟಲಿಗೆ ಬೀಳುತ್ತದೆ, ಅಮ್ಮ ಇನ್ನೂ ನುಂಗಲು ತಯಾರಾಗಿರುವುದಿಲ್ಲ, ಉಸಿರಿನ ದಾರಿ ತೆರೆದೇ ಇರುತ್ತದೆ. ಸಲೀಸಾಗಿ ಇಳಿಯಿತು ಎಂದು ನಮಗೆ ಕಾಣುತ್ತದೆ. ಎಲ್ಲಿಗೆ ಇಳಿಯಿತು ಎಂಬುದೇ ಪ್ರಶ್ನೆ.

ಮಲ್ಪೆ ಅಣ್ಣ

ಆದರೆ ಮೇಡಂ, ಅಮ್ಮನಿಗೆ ಕೆಮ್ಮೇ ಬರುವುದಿಲ್ಲ. ಶ್ವಾಸಕ್ಕೆ ಹೋದರೆ ಕೆಮ್ಮು ಬರಬೇಕಲ್ಲ?

ನುಂಗುವುದನ್ನು ಕಲಿಸುವವಳು

ಬರಬೇಕು. ಆದರೆ ಸ್ಟ್ರೋಕ್‌ನಲ್ಲಿ ಗಂಟಲಿನ ಸ್ಪರ್ಶವೇ ಮಂದವಾಗಿದ್ದರೆ ಬರುವುದಿಲ್ಲ. ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಾಗಿ ಬೇರೆ ಗುರುತು ನೋಡಬೇಕು. ನುಂಗಿದ ಮೇಲೆ ಸ್ವರ ಒದ್ದೆಯಾಗುತ್ತದೆಯೇ, ಕಣ್ಣಲ್ಲಿ ನೀರು ಬರುತ್ತದೆಯೇ, ಉಸಿರು ವೇಗವಾಗುತ್ತದೆಯೇ. ಕಳೆದ ವರ್ಷದಲ್ಲಿ ಅಮ್ಮನಿಗೆ ಜ್ವರ, ಕಫ, ನ್ಯುಮೋನಿಯಾ ಎಂದು ಆಗಿತ್ತೇ?

ಮಲ್ಪೆ ಅಣ್ಣ

ಎರಡು ಸಲ. ಮಳೆಗಾಲದಲ್ಲಿ ಒಮ್ಮೆ ಅಡ್ಮಿಟ್ ಕೂಡ ಮಾಡಿದ್ದೆವು. ಥಂಡಿಯಿಂದ ಎಂದುಕೊಂಡೆವು.

ನುಂಗುವುದನ್ನು ಕಲಿಸುವವಳು

ಥಂಡಿಯೂ ಇರಬಹುದು, ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಅಮ್ಮನ ನುಂಗುವಿಕೆ ಒಮ್ಮೆ ಪರೀಕ್ಷೆ ಆಗಲೇಬೇಕು. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಸ್ಪೀಚ್ ವಿಭಾಗ ಉಂಟು. ಅಗತ್ಯ ಕಂಡರೆ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಇಲ್ಲವೇ ಎಕ್ಸ್‌ರೇ ಕೆಳಗೆ ಬೇರಿಯಂ ನುಂಗಿಸಿ ನೋಡುತ್ತಾರೆ.

ಸುರತ್ಕಲ್ ನಿವೃತ್ತ

ನಾನು ಸ್ವತಃ ಸ್ಟ್ರೋಕ್ ಆದವನು. ಎರಡು ವರ್ಷ ಆಯಿತು. ರೋಗಿಯ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ನನ್ನ ಹೆಂಡತಿ ನಿಂತುಕೊಂಡು ಕೊಡುತ್ತಿದ್ದಳು. ಅವಳ ಮುಖ ನೋಡಲು ನಾನು ಕತ್ತು ಮೇಲೆ ಎತ್ತುತ್ತಿದ್ದೆ, ಆಗಲೇ ಚಮಚ ಬಾಯಿಗೆ ಬರುತ್ತಿತ್ತು. ಕೆಮ್ಮಿ ಕೆಮ್ಮಿ ಸಾಕಾಗುತ್ತಿತ್ತು. ಥೆರಪಿಸ್ಟ್ ಬಂದು ಅವಳನ್ನು ನನ್ನ ಎದುರು, ನನ್ನಷ್ಟೇ ಎತ್ತರದ ಸ್ಟೂಲಿನಲ್ಲಿ ಕೂರಿಸಿದರು. ಅರ್ಧ ಕೆಮ್ಮು ಅಲ್ಲಿಗೇ ಹೋಯಿತು. ಇನ್ನೊಂದು, ಬಾಯಲ್ಲಿ ಚಮಚ ಇರುವಾಗ "ಹೇಗುಂಟು, ಸಾಕಾ?" ಎಂದು ಕೇಳಬೇಡಿ. ಉತ್ತರ ಕೊಡಲು ಹೋದರೆ ನುಂಗುವುದು ತಪ್ಪುತ್ತದೆ. ಟಿವಿಯೂ ಆಫ್ ಇರಲಿ.

ನುಂಗುವಾಗ ಗದ್ದವನ್ನು ಎದೆಗೆ ತಾಗಿಸಬೇಕು, ಬಿದ್ದ ಬದಿಗೆ ತಲೆ ತಿರುಗಿಸಬೇಕು. ಇದನ್ನು ಎಲ್ಲರೂ ಮಾಡಿ. ನಾನು ಬದುಕಿದ್ದೇ ಇದರಿಂದ.

ನುಂಗುವುದನ್ನು ಕಲಿಸುವವಳು

ಸರ್, ಎದುರು ಕೂರುವ ವಿಷಯ ನೀವು ಹೇಳಿದ್ದು ತುಂಬ ಒಳ್ಳೆಯದಾಯಿತು. ನಾನು ಬರೆಯಲು ಮರೆತಿದ್ದೆ. ಆದರೆ ಗದ್ದ ತಗ್ಗಿಸುವುದು, ತಲೆ ತಿರುಗಿಸುವುದು ನಿಮಗೆ ಪರೀಕ್ಷೆ ಮಾಡಿ ಕೊಟ್ಟದ್ದು. ತಲೆ ತಿರುಗಿಸಿದಾಗ ನಿಮ್ಮ ಸೋತ ಬದಿಯ ದಾರಿ ಮುಚ್ಚಿ, ಗಟ್ಟಿ ಬದಿಯಿಂದ ಊಟ ಇಳಿಯುತ್ತಿತ್ತು. ಕೆಲವರಿಗೆ ಗದ್ದ ತಗ್ಗಿಸಿದರೆ ಹೆಚ್ಚು ತೊಂದರೆಯಾಗುತ್ತದೆ, ತುಟಿ ಸರಿ ಮುಚ್ಚದವರಿಗೆ ಎಲ್ಲ ಹೊರಗೇ ಬರುತ್ತದೆ. ಯಾರಾದರೂ ಪರೀಕ್ಷೆ ಮಾಡಿ ನೋಡುವ ತನಕ ತಲೆ ನೇರ, ಅಷ್ಟೇ. ಹಿಂದಕ್ಕೂ ಬೇಡ, ಎದೆಗೂ ಬೇಡ.

ಸುರತ್ಕಲ್ ನಿವೃತ್ತ

ಇರಬಹುದು. ಆದರೆ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರೆ ಒಂದು ತಿಂಗಳ ಒದ್ದಾಟ ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಬ್ರಹ್ಮಾವರದ ಸೊಸೆ

ಈಗಷ್ಟೇ ಫೋನ್ ಮಾಡಿದೆ. "ಕುಟ್ಟಿ ಕೊಟ್ಟೆ" ಎಂದ ಕೂಡಲೇ ಡಾಕ್ಟರಿಗೆ ಅರ್ಥ ಆಯಿತು. ನಾಳೆ ಬೆಳಗ್ಗಿನ ಮೆಟೊಪ್ರೊಲಾಲ್ ಕೊಡದೆ ಕರೆದುಕೊಂಡು ಬನ್ನಿ, ಫಿಟ್ಸ್ ಮಾತ್ರೆ ಮಾತ್ರ ತಪ್ಪಿಸಬೇಡಿ ಎಂದರು. ಈ ರಾತ್ರಿ ಅದನ್ನು ಹೇಗೆ ಕೊಡಲಿ? ಸಿಕ್ಕಿಕೊಂಡರೆ?

ಮಾತ್ರೆ ಅಂಗಡಿಯವಳು

ನಿಮ್ಮ ಸ್ಟ್ರಿಪ್‌ನಲ್ಲಿ ಹೆಸರಿನ ಮುಂದೆ ಎಕ್ಸ್‌ಆರ್, ಇಆರ್, ಎಸ್‌ಆರ್ ಎಂದು ಏನೂ ಇಲ್ಲದಿದ್ದರೆ ಅದು ಸಾದಾ ಮಾತ್ರೆ. ನುಣ್ಣಗೆ ಪುಡಿ ಮಾಡಿ ಎರಡು ಸಣ್ಣ ಚಮಚ ಮಣ್ಣಿಯಲ್ಲಿ ಕೂಡಲೇ ಕೊಡಬಹುದು. ಬಹಳ ಕಹಿ, ಬೆಲ್ಲದ ಮಣ್ಣಿ ಇರಲಿ. ಕುಟ್ಟಾಣಿಯಲ್ಲಿ ಉಳಿದದ್ದನ್ನೂ ಮಣ್ಣಿಯಿಂದಲೇ ಒರೆಸಿ ತೆಗೆಯಿರಿ. ಸಿರಪ್ ನಾಳೆ ಚೀಟಿಯೊಂದಿಗೆ ತನ್ನಿ.

ನುಂಗುವುದನ್ನು ಕಲಿಸುವವಳು

ಈಗ ಕೂರಿಸುವುದು. ಮಂಚದಲ್ಲಿ ಬೇಡ, ಕೈ ಇರುವ ಕುರ್ಚಿ ತನ್ನಿ. ಸೊಂಟ ಕುರ್ಚಿಯ ಹಿಂದಕ್ಕೆ ತಾಗಲಿ. ಮುಂದೆ ಜಾರಿ ಕೂತರೆ ಬೆನ್ನು ಬಾಗಿ ತಲೆ ತಾನಾಗಿ ಮೇಲೆ ಏಳುತ್ತದೆ. ಪಾದ ಎರಡೂ ನೆಲಕ್ಕೆ ಊರಬೇಕು. ಎಟುಕದಿದ್ದರೆ ಕೆಳಗೆ ಊಟದ ಮಣೆ ಇಡಿ. ಬಲಗೈಯನ್ನು ದಿಂಬಿನ ಮೇಲೆ ಇಡಿ, ಇಲ್ಲದಿದ್ದರೆ ಅದರ ಭಾರಕ್ಕೆ ಇಡೀ ಮೈ ಬಲಕ್ಕೆ ವಾಲುತ್ತದೆ. ಮಾವ ಪೂರ್ತಿ ಎಚ್ಚರ ಇರಬೇಕು. ತೂಕಡಿಸುತ್ತಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ.

ಮೊದಲು ಮಾತ್ರೆ ಇಲ್ಲದ ಅರ್ಧ ಚಮಚ ಮಣ್ಣಿ ಕೊಡಿ. ಸಣ್ಣ ಚಹಾ ಚಮಚ. ಎಡಗಡೆ ನಾಲಿಗೆಯ ಮೇಲೆ ಇಡಿ, ಅವರ ಗಟ್ಟಿ ಬದಿ ಅದು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡಿ, ಆಗ ನುಂಗಿದರು ಎಂದು ಅರ್ಥ. ಇನ್ನೊಮ್ಮೆ ಖಾಲಿ ನುಂಗಲು ಹೇಳಿ. ಆಮೇಲೆ "ಆ" ಎನ್ನಲು ಹೇಳಿ. ಸ್ವರ ಮೊದಲಿನ ಹಾಗೇ ಇದ್ದರೆ ಮದ್ದಿನ ಚಮಚ ಕೊಡಿ. ಒದ್ದೆಯಾಗಿ ಗೊರಗೊರ ಎಂದರೆ, ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಫೋನ್ ಮಾಡಿ. ಬಲವಂತ ಬೇಡ. ಮುಗಿದ ಮೇಲೆ ಬಲಗೆನ್ನೆ ಒಳಗೆ ಟಾರ್ಚ್ ಹಾಕಿ ನೋಡಿ, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅರ್ಧ ಗಂಟೆ ಹಾಗೇ ಕೂರಲಿ.

ಕೆಮ್ಮು ಬಂದರೆ ಕೆಮ್ಮಲು ಬಿಡಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ನೀರು ಕುಡಿಸಬೇಡಿ. ಆದರೆ ಕೆಮ್ಮಿನ ಸದ್ದೇ ಇಲ್ಲ, ಉಸಿರು ಎಳೆಯಲು ಆಗುತ್ತಿಲ್ಲ, ತುಟಿ ನೀಲಿ ಎಂದರೆ ಅದು ನಿಜವಾಗಿ ಸಿಕ್ಕಿಕೊಂಡದ್ದು. ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಯ ನಡುವೆ ಅಂಗೈ ಬುಡದಿಂದ 5 ಸಲ ಗಟ್ಟಿಯಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲ್ಗಡೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಕುಂದಾಪ್ರದ ತಮ್ಮ

ಅಕ್ಕ, ಪ್ಯಾಂಟೊಪ್ರಜೋಲ್ ಬದಲಿಗೆ ಎಸೊಮೆಪ್ರಜೋಲ್ ಪುಡಿಯ ಪೊಟ್ಟಣ ಸಿಗುತ್ತದೆ. ನನ್ನ ಅಪ್ಪನಿಗೆ ಅದೇ. ಕುಟ್ಟುವ ರಗಳೆ ಇಲ್ಲ. ನಾಳೆ ಅದನ್ನೇ ಕೇಳಿ.

ಮಾತ್ರೆ ಅಂಗಡಿಯವಳು

ತಮ್ಮಾ, ನಿನ್ನ ಅಪ್ಪ ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುತ್ತಾರೆಯೇ? ಇವರ ಮಾವ ತೆಗೆದುಕೊಳ್ಳುತ್ತಾರೆ. ಕ್ಲೋಪಿಡೊಗ್ರೆಲ್ ಕೆಲಸ ಮಾಡಬೇಕಾದರೆ ಲಿವರ್‌ನಲ್ಲಿ ಅದು ಬದಲಾಗಬೇಕು. ಒಮೆಪ್ರಜೋಲ್, ಎಸೊಮೆಪ್ರಜೋಲ್ ಆ ಬದಲಾವಣೆಗೆ ಅಡ್ಡ ಬರುತ್ತವೆ. ಅದಕ್ಕೇ ಡಾಕ್ಟರು ಪ್ಯಾಂಟೊಪ್ರಜೋಲ್ ಬರೆದಿರುತ್ತಾರೆ. ಕ್ಲೋಪಿಡೊಗ್ರೆಲ್ ಇದೆ ಎಂದು ನೆನಪಿಸಿಯೇ ಬದಲಿ ಕೇಳಬೇಕು. ಇನ್ನೊಂದು ವಿಷಯ, ಪ್ಯಾಂಟೊಪ್ರಜೋಲ್ 40 ಸಣ್ಣ ಮಾತ್ರೆ. ಮಾವನಿಗೆ ಅದನ್ನು ಮಣ್ಣಿಯ ಒಳಗೆ ಇಡೀ ನುಂಗಲು ಬಂದರೆ ಯಾವ ಬದಲಿಯೂ ಬೇಡ. ಎಲ್ಲರೂ ಕುಟ್ಟುವುದರಿಂದಲೇ ಶುರು ಮಾಡುತ್ತಾರೆ. ಇಡೀ ನುಂಗಲು ಆಗುತ್ತದೆಯೇ ಎಂದು ಥೆರಪಿಸ್ಟ್ ಎದುರು ನೋಡುವುದು ಮೊದಲು, ಸಿರಪ್ ಅಥವಾ ಬೇರೆ ರೂಪ ಎರಡನೆಯದು, ಕುಟ್ಟುವುದು ಕೊನೆಗೆ.

ಬ್ರಹ್ಮಾವರದ ಸೊಸೆ

ಐದು ದಿನದ ಮೇಲೆ ಬರೆಯುತ್ತಿದ್ದೇನೆ. ಸ್ಟ್ರಿಪ್‌ಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಡಾಕ್ಟರು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು.

ಎಕ್ಸ್‌ಎಲ್ ನಿಲ್ಲಿಸಿ, ಅದೇ ಮೆಟೊಪ್ರೊಲಾಲ್‌ನ ಸಾದಾ ಮಾತ್ರೆ 25, ಬೆಳಗ್ಗೆ ಒಂದು ಸಂಜೆ ಒಂದು ಎಂದು ಬರೆದರು. ಅದನ್ನು ಪುಡಿ ಮಾಡಬಹುದಂತೆ. ಕೊಡುವ ಮೊದಲು ನಾಡಿ ನೋಡಬೇಕು, 55ಕ್ಕಿಂತ ಕೆಳಗಿದ್ದರೆ ಕೊಡದೆ ಫೋನ್ ಮಾಡಬೇಕು ಎಂದರು. ಇವತ್ತು ಬೆಳಗ್ಗೆ 68 ಇತ್ತು, ಬಿಪಿ 134/80. ರಾತ್ರಿಯ ಕ್ಯಾಪ್ಸೂಲ್ ಹೋಯಿತು. ಮಾವನಿಗೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡೂ ಒಟ್ಟಿಗೆ ಮೊದಲ ಮೂರು ವಾರಕ್ಕೆ ಮಾತ್ರ ಎಂದು ಇತ್ತಂತೆ, ಅದು ಮುಗಿದಿತ್ತು! ಈಗ ಕ್ಲೋಪಿಡೊಗ್ರೆಲ್ ಒಂದೇ, ಅಟೋರ್ವಾಸ್ಟಾಟಿನ್ ಬೇರೆ ಸಾದಾ ಮಾತ್ರೆ. ಫಿಟ್ಸ್‌ಗೆ ಸಿರಪ್, 5 ಎಂಎಲ್, ಎರಡು ಹೊತ್ತು.

ಅದೇ ದಿನ ಸ್ಪೀಚ್ ವಿಭಾಗದಲ್ಲೂ ತೋರಿಸಿದೆವು. ನೀರಿಗೆ ಕೆಮ್ಮು ಬಂತು, ಮಂದ ಮಾಡಿದ್ದಕ್ಕೆ ಬರಲಿಲ್ಲ. ಸಣ್ಣ ಮಾತ್ರೆ ಒಂದನ್ನು ಮೊಸರಿನಲ್ಲಿ ಮುಚ್ಚಿ ಇಡೀ ಕೊಟ್ಟು ನೋಡಿದರು. ಎರಡು ಸಲ ನುಂಗಿ ಇಳಿಸಿದರು. ಹಾಗಾಗಿ ಪ್ಯಾಂಟೊಪ್ರಜೋಲ್, ಕ್ಲೋಪಿಡೊಗ್ರೆಲ್ ಈಗ ಮಣ್ಣಿಯಲ್ಲಿ ಇಡೀ ಹೋಗುತ್ತವೆ. ಒಂದು ಚಮಚಕ್ಕೆ ಒಂದೇ ಮಾತ್ರೆ, ನಡುವೆ ಒಂದು ಖಾಲಿ ಮಣ್ಣಿ ಚಮಚ. ಬೆಳಗ್ಗಿನದು ಮುಗಿಯಲು 20 ನಿಮಿಷ ಬೇಕು. ಮೊದಲು 2 ನಿಮಿಷದಲ್ಲಿ ಮುಗಿಸುತ್ತಿದ್ದೆ, ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಒಂದೇ ತೊಂದರೆ, ರಾತ್ರಿ 9:30ಕ್ಕೆ ಸಿರಪ್ ಕೊಡುವಾಗ ಮಾವ ನಿದ್ದೆಯಲ್ಲಿರುತ್ತಾರೆ. ಮತ್ತೆ ಸಿರಪ್ ನೀರಿನ ಹಾಗೇ ತೆಳು ಇದೆಯಲ್ಲ?

ನುಂಗುವುದನ್ನು ಕಲಿಸುವವಳು

ಬೆಳಗ್ಗೆ 8ಕ್ಕೆ ಕೊಡುತ್ತಿದ್ದರೆ ರಾತ್ರಿ 8ಕ್ಕೆ ಕೊಡಬಹುದೇ ಎಂದು ಡಾಕ್ಟರಿಗೆ ಕೇಳಿ, 12 ಗಂಟೆಯ ಅಂತರ ಸರಿ ಬರುತ್ತದೆ, ಆ ಹೊತ್ತಿಗೆ ಎಚ್ಚರವೂ ಇರುತ್ತಾರೆ. ಸಿರಪ್ ವಿಷಯ ನೀವು ಗಮನಿಸಿದ್ದು ಸರಿ. ದ್ರವ ರೂಪ ಎಂದರೆ ಸುರಕ್ಷಿತ ಎಂದು ಬಹಳ ಜನ ತಿಳಿಯುತ್ತಾರೆ. ನೀರಲ್ಲಿ ಕರಗಿಸುವ ಮಾತ್ರೆಯೂ ಹಾಗೆಯೇ, ಕರಗಿದ ಮೇಲೆ ಅದು ನೀರೇ. 5 ಎಂಎಲ್ ಅಳೆದು ಮೂರು ನಾಲ್ಕು ಸಣ್ಣ ಚಮಚ ಗಟ್ಟಿ ಮಣ್ಣಿಗೆ ಕಲಸಿ, ಓರೆ ಮಾಡಿ ನೋಡಿ, ಮುದ್ದೆಯಾಗಿ ಬಿದ್ದರೆ ಕೊಡಿ. ಬಟ್ಟಲಲ್ಲಿ ಏನೂ ಉಳಿಯಬಾರದು.

ಬಾಯಿಗೆ ಹೋದ ಚಮಚವನ್ನು ಮಣ್ಣಿಯ ದೊಡ್ಡ ಪಾತ್ರೆಗೆ ಅದ್ದಬೇಡಿ. ಎಂಜಲು ಸೇರಿದರೆ ರಾಗಿ, ಅಕ್ಕಿಯ ಗಂಜಿ ಸ್ವಲ್ಪ ಹೊತ್ತಿನಲ್ಲಿ ನೀರಾಗುತ್ತದೆ. ಕೊಡುವಷ್ಟನ್ನೇ ಬೇರೆ ಬಟ್ಟಲಿಗೆ ತೆಗೆಯಿರಿ.

ಕುಂದಾಪ್ರದ ತಮ್ಮ

ನೀರಾಗುವ ಮಾತು ಬಂತಲ್ಲ, ಅದಕ್ಕೇ ಕೇಳುತ್ತೇನೆ. ಅಪ್ಪನಿಗೆ ಮಲಬದ್ಧತೆಗೆ ನೀರಿಗೆ ಹಾಕುವ ಪುಡಿ ಉಂಟು, ಪಾಲಿಎಥಿಲೀನ್ ಗ್ಲೈಕಾಲ್ ಎಂದು ಬರೆದಿದೆ. ಅದಕ್ಕೆ ಗಟ್ಟಿ ಮಾಡುವ ಪುಡಿ ಎಷ್ಟು ಹಾಕಿದರೂ ನಿಲ್ಲುವುದಿಲ್ಲ, ತೆಳುವೇ ಆಗುತ್ತದೆ. ಪುಡಿ ಹಳತಾಗಿದೆಯೇ?

ಮಾತ್ರೆ ಅಂಗಡಿಯವಳು

ಹಳತಾಗಿಲ್ಲ. ನಿನ್ನದು ಪಿಷ್ಟದಿಂದ, ಅಂದರೆ ಜೋಳದ ಹಿಟ್ಟಿನಂಥದ್ದರಿಂದ ಮಾಡಿದ ಗಟ್ಟಿ ಮಾಡುವ ಪುಡಿ ಇರಬೇಕು. ಆ ಮದ್ದು ಪಿಷ್ಟದ ಗಟ್ಟಿತನವನ್ನೇ ಮುರಿಯುತ್ತದೆ. ಗಟ್ಟಿ ಎಂದು ನಂಬಿ ಕೊಟ್ಟರೆ ಅಪ್ಪನಿಗೆ ಹೋಗುವುದು ನೀರು. ಇವತ್ತು ಕೊಡಬೇಡ, ಡಾಕ್ಟರ ಹತ್ತಿರ ಬೇರೆ ಮದ್ದು ಕೇಳು. ಡಬ್ಬಿಯಲ್ಲಿ ಕ್ಸಾಂಥನ್ ಗಮ್ ಎಂದು ಇದೆಯೋ, ಸ್ಟಾರ್ಚ್ ಎಂದು ಇದೆಯೋ ನೋಡಿ ಹೇಳು.

ಕುಂದಾಪ್ರದ ತಮ್ಮ

ಸ್ಟಾರ್ಚ್ ಎಂದೇ ಇದೆ. ಇಷ್ಟು ದಿನ ಅದನ್ನೇ ಕೊಡುತ್ತಿದ್ದೆ.

ಸುರತ್ಕಲ್ ನಿವೃತ್ತ

ಸೊಸೆಯವರೇ, ಮಾವನಿಗೆ ನೀರು ಯಾವಾಗ ಎಂದು ಹೇಳಿದ್ದಾರೆಯೇ? ನನಗೆ ನಾಲ್ಕು ತಿಂಗಳ ನಂತರ ಸಿಕ್ಕಿತು. ಆ ಮೊದಲ ಗುಟುಕು ಬಾವಿ ನೀರಿನ ರುಚಿ ಇನ್ನೂ ನಾಲಿಗೆಯಲ್ಲಿದೆ.

ಬ್ರಹ್ಮಾವರದ ಸೊಸೆ

ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ ಸರ್. ಆಗ ನೋಡಿ ಹೇಳುತ್ತೇವೆ ಎಂದಿದ್ದಾರೆ. ಮಾವ ದಿನಾ ಲೋಟ ತೋರಿಸಿ ಕೈಸನ್ನೆ ಮಾಡುತ್ತಾರೆ. ಇಲ್ಲ ಎನ್ನುವುದೇ ಕಷ್ಟ.

ಮಲ್ಪೆ ಅಣ್ಣ

ಇವತ್ತು ಅಮ್ಮನ ಡಬ್ಬಿ ಸುರಿದು ಒಂದೊಂದು ಸ್ಟ್ರಿಪ್ ಓದಿದೆ. ಸಕ್ಕರೆ ಮಾತ್ರೆ ಮೆಟ್‌ಫಾರ್ಮಿನ್ 1000, ಪಕ್ಕದಲ್ಲಿ ಎಸ್‌ಆರ್ ಎಂದಿದೆ. ಒಂದು ವರ್ಷ ಕುಟ್ಟಿ ಕೊಟ್ಟಿದ್ದೇನೆ, ಅದೂ ಜೇನಿನಲ್ಲಿ. ಅಮ್ಮನಿಗೆ ಆಗಾಗ ಹೊಟ್ಟೆ ಕೆಡುತ್ತಿತ್ತು. ಬೆಳಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಯಾವಾಗಲೂ ಜಾಸ್ತಿ. ಇದರಿಂದಲೇ ಇರಬಹುದೇ?

ಮಾತ್ರೆ ಅಂಗಡಿಯವಳು

ಹೊಟ್ಟೆ ಕೆಟ್ಟದ್ದು ಅದರಿಂದ ಇರಬಹುದು. ನಿಧಾನ ಬಿಡುವ ಮಾತ್ರೆ ಕೊಡುವುದಕ್ಕೆ ಒಂದು ಕಾರಣವೇ ಹೊಟ್ಟೆಗೆ ಹಗುರಾಗಲಿ ಎಂದು. ಸಕ್ಕರೆ ಏರಿದ್ದಕ್ಕೆ ಅದೇ ಕಾರಣವೋ, ಜೇನೋ, ಬೇರೆಯೋ ಎಂದು ನಾನು ಹೇಳಲಾರೆ. ಮೆಟ್‌ಫಾರ್ಮಿನ್ ಸಾದಾ ಮಾತ್ರೆಯಾಗಿಯೂ ಸಿಗುತ್ತದೆ, ಅದನ್ನು ಪುಡಿ ಮಾಡಬಹುದು, ಆದರೆ ಪ್ರಮಾಣ ಹಂಚಿ ಕೊಡಬೇಕಾಗುತ್ತದೆ. ಅದನ್ನು ಡಾಕ್ಟರೇ ಬರೆಯಬೇಕು. ಸಕ್ಕರೆ ಬರೆದ ಪುಸ್ತಕ, ಆ ಸ್ಟ್ರಿಪ್ ಎರಡೂ ತೆಗೆದುಕೊಂಡು ಹೋಗಿ.

ಮಲ್ಪೆ ಅಣ್ಣ

ನಾಳೆ ಬೆಳಗ್ಗೆ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇನೆ. ನುಂಗುವ ಪರೀಕ್ಷೆಯನ್ನೂ ಕೇಳುತ್ತೇನೆ. ಇವತ್ತು ರಾತ್ರಿಯ ಮದ್ದು ಎದುರು ಕೂತು ಕೊಟ್ಟೆ, ತಲೆ ನೇರ ಇಟ್ಟು. ನುಂಗಿದ ಮೇಲೆ "ಆ" ಎನ್ನಲು ಹೇಳಿದೆ. ಸ್ವರ ಒದ್ದೆ ಇತ್ತು.